ಏಳು ದಿನದ ಸರಾಸರಿ, ಮೂರು ದಿನದ ತಡ

2021ರ ಮೇ ತಿಂಗಳ ಮೊದಲ ವಾರ. ಬೆಳಿಗ್ಗೆ ಕಾಫಿಗೂ ಮೊದಲು ಮೊಬೈಲಿನಲ್ಲಿ ಕೊರೊನಾ ಲೆಕ್ಕ ನೋಡುತ್ತಿದ್ದ ದಿನಗಳು. ಕೇಂದ್ರ ಆರೋಗ್ಯ ಸಚಿವಾಲಯದ ಪ್ರಕಟಣೆಯಲ್ಲಿ ದೇಶದ ಹೊಸ ಪ್ರಕರಣಗಳು 1ರಂದು 4.02 ಲಕ್ಷ, 2ರಂದು 3.92, 3ರಂದು 3.68, 4ರಂದು 3.57 ಲಕ್ಷ. ಮೂರು ದಿನ ಸತತ ಇಳಿಕೆ. ಅಲೆ ತಗ್ಗಿತು ಅಂತ ನನ್ನಂಥ ಎಷ್ಟೋ ಜನ ನಿಟ್ಟುಸಿರು ಬಿಟ್ಟೆವು. ಎರಡೇ ದಿನದಲ್ಲಿ, 6ರ ಬೆಳಿಗ್ಗೆ, ಆ ಅಂಕಿ 4.12 ಲಕ್ಷಕ್ಕೆ ಜಿಗಿಯಿತು. ಮರುದಿನ 4.14 ಲಕ್ಷ.

ಆ ಮೂರು ದಿನ ರೋಗವೇನೂ ಇಳಿದಿರಲಿಲ್ಲ, ಇಳಿದದ್ದು ಪರೀಕ್ಷೆ. ಭಾನುವಾರ ಗಂಟಲ ದ್ರವದ ಮಾದರಿ ಕೊಡಲು ಬರುವವರೂ ಕಡಿಮೆ, ಪ್ರಯೋಗಾಲಯದ ಸಿಬ್ಬಂದಿಯೂ ಕಡಿಮೆ. ಅದರ ಫಲ ಸೋಮವಾರ, ಮಂಗಳವಾರದ ಪ್ರಕಟಣೆಯಲ್ಲಿ ಕಾಣುತ್ತಿತ್ತು. ಮೇ 3 ಸೋಮವಾರ, 4 ಮಂಗಳವಾರ. ಪ್ರತಿ ವಾರವೂ ಹೀಗೆ ಒಂದು ಹಳ್ಳ ಬೀಳುತ್ತಿತ್ತು, ಪ್ರತಿ ವಾರವೂ ಯಾರೋ ಒಬ್ಬರು ಅದನ್ನು ನಂಬುತ್ತಿದ್ದರು.

ಅದೇ ನಾಲ್ಕು ದಿನಗಳನ್ನು ಏಳು ದಿನದ ಚಲಿಸುವ ಸರಾಸರಿಯಲ್ಲಿ ನೋಡಿ. ಇವತ್ತಿನದೂ ಸೇರಿ ಹಿಂದಿನ ಏಳು ದಿನಗಳ ಅಂಕಿ ಕೂಡಿಸಿ ಏಳರಿಂದ ಭಾಗಿಸುವುದು. ನಾಳೆ ಹೊಸ ದಿನ ಒಳಗೆ ಬರುತ್ತದೆ, ಹಳೆಯ ದಿನವೊಂದು ಹೊರಗೆ ಹೋಗುತ್ತದೆ. ಲೆಕ್ಕ ಅಷ್ಟೇ. ಮೇ 1ರಿಂದ 4ರವರೆಗೆ ಈ ಸರಾಸರಿ 3.65, 3.71, 3.73, 3.78 ಲಕ್ಷ. ಬಿಡಿ ಅಂಕಿ ದಿನಾ ಇಳಿಯುತ್ತಿದ್ದಾಗ ಸರಾಸರಿ ದಿನಾ ಏರುತ್ತಿತ್ತು. ಕೊನೆಗೆ ನಿಜವಾದದ್ದು ಸರಾಸರಿಯ ಮಾತೇ.

ಇದು ಹೇಗೆ ಸಾಧ್ಯ ಅನ್ನುವುದಕ್ಕೆ ಮೇ 4ನ್ನೇ ಹಿಡಿಯೋಣ. ಅಂದು ಒಳಬಂದದ್ದು 3.57 ಲಕ್ಷ, ಹೊರಹೋದದ್ದು ಏಪ್ರಿಲ್ 27ರ 3.23 ಲಕ್ಷ. ಎರಡೂ ಮಂಗಳವಾರವೇ! ಏಳು ದಿನದ ಸರಾಸರಿ ಏರುವುದು, ಇಳಿಯುವುದು ಎಂದರೆ ಈ ಮಂಗಳವಾರವನ್ನು ಹೋದ ಮಂಗಳವಾರದ ಜೊತೆ ಹೋಲಿಸುವುದು, ಬೇರೇನಲ್ಲ. ಭಾನುವಾರದ ಆಲಸ್ಯ ಎರಡು ಕಡೆಯೂ ಇರುವುದರಿಂದ ಅದು ಹೊಡೆದುಹೋಗುತ್ತದೆ.

ಐದು ದಿನದ್ದು ತೆಗೆದುಕೊಂಡರೆ ಆಗದೇ ಅಂತ ಕೇಳಬಹುದು. ಮಾಡಿ ನೋಡಿದರೆ ಮೇ 3ರಂದು 3.86 ಲಕ್ಷ, 5ರಂದು 3.80 ಲಕ್ಷ, 9ರಂದು 4.03 ಲಕ್ಷ. ಹಳ್ಳ ಆಳವಿಲ್ಲ, ಆದರೆ ಹೋಗಿಲ್ಲ. ಐದು ದಿನದ ಕಿಟಕಿಯಲ್ಲಿ ಕೆಲವೊಮ್ಮೆ ಸೋಮವಾರ, ಮಂಗಳವಾರ ಎರಡೂ ಇರುತ್ತವೆ, ಕೆಲವೊಮ್ಮೆ ಎರಡೂ ಇರುವುದಿಲ್ಲ. ಹತ್ತು ದಿನದ್ದಕ್ಕೂ ಅದೇ ರೋಗ: ಅದರಲ್ಲಿ ಕೆಲವು ವಾರಗಳು ಒಮ್ಮೆ, ಕೆಲವು ಎರಡು ಬಾರಿ ಬರುತ್ತವೆ. ವಾರದ ಲಯವಿರುವ ಲೆಕ್ಕಕ್ಕೆ ಏಳು, ಹದಿನಾಲ್ಕು, ಇಪ್ಪತ್ತೆಂಟು ಹೊಂದುತ್ತವೆ. ಹಾಗಂತ ಏಳು ಮಂತ್ರಸಂಖ್ಯೆಯೂ ಅಲ್ಲ. ಶನಿವಾರ, ಭಾನುವಾರ ಮುಚ್ಚಿರುವ ಷೇರುಪೇಟೆಯಲ್ಲಿ ವಾರವೆಂದರೆ ಐದು ದಿನ. ಭಾನುವಾರ ಬಾಗಿಲು ಹಾಕುವ ಅಂಗಡಿಯ ವ್ಯಾಪಾರಕ್ಕೆ ಆರು.

ಇನ್ನು ಈ ನುಣುಪಿಗೆ ತೆರಬೇಕಾದ ಬೆಲೆಯ ವಿಷಯ. ಏಪ್ರಿಲ್ 22ಕ್ಕೆ ಹೋಗೋಣ, ಅಲೆ ನೇರ ಮೇಲಕ್ಕೆ ಏರುತ್ತಿದ್ದ ಹೊತ್ತು. ಅಂದಿನ ಬಿಡಿ ಅಂಕಿ 3.15 ಲಕ್ಷ. ಏಳು ದಿನದ ಸರಾಸರಿ 2.65 ಲಕ್ಷ. ಅರ್ಧ ಲಕ್ಷ ಕಡಿಮೆ. ಹದಿನಾಲ್ಕು ದಿನದ್ದಂತೂ 2.14 ಲಕ್ಷ, ಒಂದು ಲಕ್ಷವೇ ಕಡಿಮೆ. ಈ ಅಂಕಿಗಳು ಸುಳ್ಳಲ್ಲ, ಹಳೆಯವು. ದೇಶದಲ್ಲಿ 2.65 ಲಕ್ಷದ ಆಸುಪಾಸು ಪ್ರಕರಣ ಬಂದದ್ದು ಏಪ್ರಿಲ್ 18, 19ರಂದು. 2.14 ಲಕ್ಷದ ಸುಮಾರಿಗೆ ಇದ್ದದ್ದು 16ರಂದು. ಏಳು ದಿನಗಳ ಸರಾಸರಿ ಆ ಏಳರ ನಟ್ಟನಡುವಿನ ದಿನಕ್ಕೆ ಸೇರಿದ್ದು, ಆ ದಿನ ಮೂರು ದಿನ ಹಿಂದಿದೆ. ಕಿಟಕಿಯ ದಿನಗಳಲ್ಲಿ ಒಂದು ಕಳೆದು ಅರ್ಧ ಮಾಡಿ, ತಡ ಎಷ್ಟೆಂದು ಸಿಗುತ್ತದೆ. ಏಳಕ್ಕೆ ಮೂರು, ಹದಿನಾಲ್ಕಕ್ಕೆ ಆರೂವರೆ. ಷೇರುಪೇಟೆಯವರು ನೆಚ್ಚಿಕೊಳ್ಳುವ ಇನ್ನೂರು ದಿನದ ಸರಾಸರಿಗೆ ತೊಂಬತ್ತೊಂಬತ್ತೂವರೆ ವಹಿವಾಟಿನ ದಿನ, ಹತ್ತಿರ ಹತ್ತಿರ ಐದು ತಿಂಗಳು! ಅದು ತಿರುಗಿತು ಅಂತ ಖಚಿತವಾಗುವ ಹೊತ್ತಿಗೆ ಬೆಲೆ ಎಲ್ಲಿಗೋ ಹೋಗಿರುತ್ತದೆ.

ಅಲೆ ತಿರುಗುವಾಗಲೂ ಈ ತಡ ಕಾಣಿಸಿಕೊಂಡಿತು. ಬಿಡಿ ಅಂಕಿಯ ಶಿಖರ ಮೇ 7ರ ಪ್ರಕಟಣೆಯಲ್ಲಿ. ಏಳು ದಿನದ ಸರಾಸರಿ ತನ್ನ ಶಿಖರ ಮುಟ್ಟಿದ್ದು 9ರಂದು, 3.91 ಲಕ್ಷದಲ್ಲಿ. ಹದಿನಾಲ್ಕು ದಿನದ್ದು 11ರಂದು, 3.83 ಲಕ್ಷದಲ್ಲಿ. ಕಿಟಕಿ ದೊಡ್ಡದಾದಷ್ಟೂ ಶಿಖರ ತಡವಾಗಿ ಬರುತ್ತದೆ, ಕುಳ್ಳಗೂ ಆಗುತ್ತದೆ.

ತಡವನ್ನು ಕಾಗದದ ಮೇಲೆ ಸರಿಪಡಿಸಬಹುದು. ಮೇ 9ರಂದು ಸಿಕ್ಕ ಸರಾಸರಿ 3ರಿಂದ 9ರವರೆಗಿನದು. ಅದನ್ನು 9ರ ಎದುರು ಬರೆಯದೆ ನಡುವಿನ 6ರ ಎದುರು ಬರೆದರೆ ಶಿಖರ ಬಿಡಿ ಅಂಕಿಯ ಶಿಖರದ ಪಕ್ಕದಲ್ಲೇ ಬಂದು ಕೂರುತ್ತದೆ. ಎಕ್ಸೆಲ್‌ನಲ್ಲಾದರೆ B ಕಾಲಮ್ಮಿನ 2ನೇ ಸಾಲಿನಿಂದ ದಿನದ ಅಂಕಿಗಳಿವೆ ಎಂದುಕೊಳ್ಳಿ. ಸೂತ್ರ ಒಂದೇ:

```
=AVERAGE(B2:B8)
```

ಇದನ್ನು C8ರಲ್ಲಿ ಬರೆದರೆ ಹಿಂದೆ ನೋಡುವ ಸರಾಸರಿ, C5ರಲ್ಲಿ ಬರೆದರೆ ನಡುವಿಗೆ ಕೂರಿಸಿದ್ದು. ಕಳೆದ ವರ್ಷದ ಮಳೆಯೋ, ಮುಗಿದುಹೋದ ಅಲೆಯೋ, ಯಾವುದೇ ಹಳೆಯ ಕಥೆ ಬರೆಯುವಾಗ C5ರದ್ದೇ ಸರಿ. ಆದರೆ ಆಸ್ಪತ್ರೆಯಲ್ಲಿ ಇವತ್ತು ಎಷ್ಟು ಹಾಸಿಗೆ ಬೇಕು ಅನ್ನುವವರಿಗೆ ಅದು ಒದಗುವುದಿಲ್ಲ. ಕೊನೆಯ ಮೂರು ದಿನದ ಮನೆಗಳು ಖಾಲಿ ಉಳಿಯುತ್ತವೆ, ಅವನ್ನು ತುಂಬಲು ಬೇಕಾದ ಅಂಕಿ ಇನ್ನೂ ಬಂದಿರುವುದಿಲ್ಲ. ಆ ಖಾಲಿ ಮನೆಗಳನ್ನು ಅಂದಾಜಿನಲ್ಲಿ ತುಂಬಿಸಿ ಗೆರೆ ಮುಂದುವರಿಸಿದ ಗ್ರಾಫುಗಳನ್ನೂ ನೋಡಿದ್ದೇನೆ. ಅದರ ಬದಲು ಖಾಲಿ ಬಿಟ್ಟವರೇ ಮರ್ಯಾದಸ್ಥರು.

ಕೊನೆಗೆ ಒಂದು ಎಡವಟ್ಟು. 2021ರ ಜೂನ್ 10ರ ಪ್ರಕಟಣೆಯಲ್ಲಿ ದೇಶದ ಒಂದು ದಿನದ ಸಾವು 6,148 ಎಂದು ಬಂತು. ಅದಕ್ಕೆ ಕಾರಣ ಬಿಹಾರ ತನ್ನ ಲೆಕ್ಕ ಪರಿಷ್ಕರಿಸಿ, ಹಿಂದೆ ಸೇರದಿದ್ದ ಸುಮಾರು 3,950 ಸಾವುಗಳನ್ನು ಒಮ್ಮೆಲೇ ಸೇರಿಸಿದ್ದು. ಏಳು ದಿನದ ಸರಾಸರಿ ಇದರಿಂದಲೇ ಸುಮಾರು 560ರಷ್ಟು ಮೇಲೇರಿತು. ಏಳು ದಿನ ಆ ಭಾರ ಹೊತ್ತುಕೊಂಡೇ ಇತ್ತು. 17ರಂದು ಆ ದಿನ ಕಿಟಕಿಯಿಂದ ಹೊರಗೆ ಹೋದ ಕೂಡಲೇ ಐನೂರಕ್ಕೂ ಹೆಚ್ಚು ದೊಪ್ಪನೆ ಇಳಿಯಿತು. 17ರಂದು ಆಸ್ಪತ್ರೆಗಳಲ್ಲಿ ವಿಶೇಷವೇನೂ ನಡೆದಿರಲಿಲ್ಲ, ಒಂದು ವಾರದ ಹಿಂದಿನ ಅಂಕಿಯೊಂದು ಜಾಗ ಖಾಲಿ ಮಾಡಿತ್ತು. ಗ್ರಾಫಿನಲ್ಲಿ ಗೆರೆ ಮೆಟ್ಟಿಲಿನಂತೆ ಏರಿ, ಸರಿಯಾಗಿ ಕಿಟಕಿಯಷ್ಟೇ ದಿನ ಮೇಲೆ ನಿಂತು, ಮೆಟ್ಟಿಲಿನಂತೆ ಇಳಿದಿದ್ದರೆ ಕಾರಣ ಬಹುಪಾಲು ಇಂಥ ಒಂದೇ ದಿನದ ಅಂಕಿ. ಇಂಥ ಕಡೆ ಏಳು ಅಂಕಿಗಳನ್ನು ಏರಿಕೆಯ ಸಾಲಿನಲ್ಲಿಟ್ಟು ನಾಲ್ಕನೆಯದನ್ನು ಆರಿಸಿಕೊಳ್ಳುವುದು ವಾಸಿ. ಆಗ ಸಾಲಿನ ತುದಿಯ ರಾಕ್ಷಸ ಎಷ್ಟೇ ದೊಡ್ಡವನಾದರೂ ನಡುವಿನವನು ಅಷ್ಟಾಗಿ ಕದಲುವುದಿಲ್ಲ.

ಪತ್ರಿಕೆಯಲ್ಲೋ ಟೀವಿಯಲ್ಲೋ ನುಣುಪಾದ ಗೆರೆಯೊಂದು ಕಂಡಾಗ ಮೂಲೆಯಲ್ಲಿ ಎಷ್ಟು ದಿನದ ಸರಾಸರಿ ಅಂತ ಬರೆದಿದೆಯೇ ನೋಡಿ. ಬರೆದಿದ್ದರೆ ಒಂದು ಕಳೆದು ಅರ್ಧ ಮಾಡಿ, ಅಷ್ಟು ದಿನ ಹಿಂದಿನ ಸುದ್ದಿ ಅದು. ಬರೆದಿಲ್ಲದಿದ್ದರೆ ಪುಟ ಮಗುಚಿ.