ಒಣಕೆಮ್ಮಿನ ಪ್ರಶ್ನೆಗೆ ಉತ್ತರ ಯಾವ ಮಾತ್ರೆ?

ಬಿಪಿ ಮಾತ್ರೆ ಶುರುವಾಗಿ ಮೂರು ವಾರ.
ರೋಗಿಗೆ ಬಿಡದ ಒಣಕೆಮ್ಮು.
ಕಫವಿಲ್ಲ, ಜ್ವರವಿಲ್ಲ.
ಕಾರಣ ಯಾವ ಮಾತ್ರೆ?
ಅಮ್ಲೋಡಿಪಿನ್, ಅಟೆನೊಲಾಲ್,
ಎನಲಾಪ್ರಿಲ್, ಲೊಸಾರ್ಟಾನ್?

ಉತ್ತರ: ಎನಲಾಪ್ರಿಲ್.
ಇದು ಎಸಿಇ ಇನ್ಹಿಬಿಟರ್ ಗುಂಪಿನ ಔಷಧ.

ಎಸಿಇ ಎಂಬ ಕಿಣ್ವಕ್ಕೆ ಎರಡು ಕೆಲಸ.
ಒಂದು, ರಕ್ತನಾಳ ಬಿಗಿಸುವ ಆಂಜಿಯೊಟೆನ್ಸಿನ್-2 ತಯಾರಿಸುವುದು.
ಇನ್ನೊಂದು, ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದುಹಾಕುವುದು.
ಮಾತ್ರೆ ಎರಡನ್ನೂ ತಡೆಯುತ್ತದೆ.

ಬಿಪಿ ಇಳಿಯುತ್ತದೆ, ನಿಜ.
ಆದರೆ ಕಸದ ಗಾಡಿ ಬಾರದ ಬೀದಿಯಲ್ಲಿ ಕಸ ಬಿದ್ದ ಹಾಗೆ,
ಶ್ವಾಸನಾಳದಲ್ಲಿ ಬ್ರಾಡಿಕೈನಿನ್ ರಾಶಿಯಾಗುತ್ತದೆ.
ಅಲ್ಲಿನ ನರಗಳು ಕೆರಳುತ್ತವೆ.
ಕೆಮ್ಮು ಹತ್ತುತ್ತದೆ.
ಸಿರಪ್ಪಿಗೆ ಇದು ಸುಲಭವಾಗಿ ಬಗ್ಗುವುದಿಲ್ಲ;
ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹೋಗುತ್ತದೆ.

ಎಡವುವ ಜಾಗ ಲೊಸಾರ್ಟಾನ್.
ಅದೂ ಆಂಜಿಯೊಟೆನ್ಸಿನ್ ವಿರುದ್ಧವೇ, ಆದರೆ ಅದರ ಗ್ರಾಹಕವನ್ನಷ್ಟೇ ಮುಚ್ಚುತ್ತದೆ.
ಬ್ರಾಡಿಕೈನಿನ್ ಒಡೆಯುವ ಕೆಲಸ ಎಂದಿನಂತೆ ಸಾಗುತ್ತದೆ.
ಅದಕ್ಕೇ ಕೆಮ್ಮು ಬಂದವರಿಗೆ ವೈದ್ಯರು ಬದಲಿಗೆ ಬರೆಯುವುದು ಈ ಗುಂಪಿನ ಮಾತ್ರೆಯನ್ನೇ.

ಅಮ್ಲೋಡಿಪಿನ್ ಗುರುತು, ಪಾದದ ಊತ.
ಅಟೆನೊಲಾಲ್ ಗುರುತು, ನಿಧಾನವಾದ ನಾಡಿ.

ಪ್ರಶ್ನೆಯಲ್ಲಿ ಕೆಮ್ಮಿನ ಬದಲು
ತುಟಿ, ನಾಲಿಗೆ ಊದಿದ್ದರೆ?
ಆಗಲೂ ಮೊದಲ ಅನುಮಾನ ಎನಲಾಪ್ರಿಲ್ ಮೇಲೆಯೇ.
ಆದರೆ ಅದು ಉಸಿರುಗಟ್ಟಿಸಬಲ್ಲ ತುರ್ತು ಸ್ಥಿತಿ.
ಆ ರೋಗಿಗೆ ಎಸಿಇ ಇನ್ಹಿಬಿಟರ್ ಮತ್ತೆಂದೂ ಕೊಡುವಂತಿಲ್ಲ.