ಹಿಂಡಿ ಬೆಲೆ, ಸಾಲದ ಬಡ್ಡಿ: ಯಾವುದರ ಹೊರೆ ಹೆಚ್ಚು?

ಗುಂಡ್ಲುಪೇಟೆ ಕಡೆಯ ಒಂದು ಡೈರಿಯಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಹೊರಟಿದ್ದೆ. ಸದಸ್ಯೆಯೊಬ್ಬರು ಕೇಳಿದರು: "ಡಾಕ್ಟ್ರೇ, ಬ್ಯಾಂಕ್ ಬಡ್ಡಿ ಏರುತ್ತೆ, ಇಳಿಯುತ್ತೆ ಅಂತಾರೆ. ಸಾಲ ಮಾಡಿ ಎರಡನೇ ಹಸು ತರೋದಾ, ಬೇಡ್ವಾ?" ಹಿಂಡಿ, ಬೂಸಾಕ್ಕೆಂದು ಅವರು ಆಗಲೇ 20,000 ರೂಪಾಯಿ ಕೈಸಾಲ ಮಾಡಿದ್ದರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ.

ಬೆಲೆಗಳು ಏರಿದಾಗ ಅದನ್ನು ತಡೆಯಲು ರಿಸರ್ವ್ ಬ್ಯಾಂಕ್ ತನ್ನ ರೆಪೊ ದರ ಏರಿಸುತ್ತದೆ. ಆಗ ಬ್ಯಾಂಕುಗಳ ಸಾಲವೂ ದುಬಾರಿಯಾಗುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಈ ದರ ಶೇ. 4ರಿಂದ 6.5ಕ್ಕೆ ಏರಿತು. 2025ರಲ್ಲಿ ಇಳಿಯುತ್ತಾ ಬಂದು ಡಿಸೆಂಬರ್‌ನಲ್ಲಿ 5.25 ಆಯಿತು.

ಇದರಿಂದ ನಮಗೆಷ್ಟು ಹೊರೆ? ಹಸುವಿಗೆ 80,000 ರೂಪಾಯಿ ಸಾಲ, ಮೂರು ವರ್ಷದ ಕಂತು ಎಂದುಕೊಳ್ಳಿ. ಶೇ. 10ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 2,580 ರೂಪಾಯಿ. ಬಡ್ಡಿ 12.5 ಆದರೆ ಸುಮಾರು 2,675. ಹೆಚ್ಚಾಗುವುದು 95 ರೂಪಾಯಿ.

ಈಗ ಹಿಂಡಿಯ ಲೆಕ್ಕ. ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ ಮೈಪೋಷಣೆಗೆ 2 ಕಿಲೋ, ಹಾಲಿಗೆ 4 ಕಿಲೋ, ಒಟ್ಟು 6 ಕಿಲೋ ಪಶು ಆಹಾರ ಬೇಕು. 50 ಕಿಲೋ ಮೂಟೆಗೆ 100 ರೂಪಾಯಿ ಏರಿದರೆ ದಿನಕ್ಕೆ 12, ತಿಂಗಳಿಗೆ 360 ರೂಪಾಯಿ ಹೆಚ್ಚು ಖರ್ಚು. ಬ್ಯಾಂಕ್ ಬಡ್ಡಿ ಏರಿಕೆಗಿಂತ ಸುಮಾರು ನಾಲ್ಕು ಪಟ್ಟು!

ಹಾಗೆಂದು ಹಿಂಡಿಯನ್ನು ಏಕಾಏಕಿ ಕಡಿಮೆ ಮಾಡಬೇಡಿ. ಮೊದಲು ಹಾಲು ಇಳಿಯುತ್ತದೆ, ನಂತರ ಹಸು ಸೊರಗಿ ಬೆದೆಗೆ ಬರುವುದಿಲ್ಲ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಲಸಂದೆ, ಕುದುರೆ ಮೆಂತ್ಯದಂತಹ ದ್ವಿದಳ ಹಸಿರು ಮೇವು ಬೆಳೆದುಕೊಂಡು, ಹಾಲಿನ ಅಳತೆ ನೋಡುತ್ತಾ ಹಿಂಡಿಯನ್ನು ನಿಧಾನವಾಗಿ ಇಳಿಸಬಹುದು.

ನಿಜವಾದ ಅಪಾಯ ಇರುವುದು ಹಿಂಡಿಗೆ ಮಾಡುವ ಕೈಸಾಲದಲ್ಲಿ. ಆ ಸದಸ್ಯೆ ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ ಬಡ್ಡಿಯನ್ನೇ ಕಟ್ಟುತ್ತಿದ್ದರು. ರೆಪೊ ದರ ಇಳಿದರೂ ಈ ಬಡ್ಡಿ ಇಳಿಯುವುದಿಲ್ಲ. ಹೈನುಗಾರಿಕೆಯ ದಿನನಿತ್ಯದ ಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 2 ಲಕ್ಷದವರೆಗೆ ಶೇ. 7ರ ಬಡ್ಡಿಗೆ ಸಾಲವಿದೆ. ಸರ್ಕಾರ ಸಹಾಯಧನ ಕೊಡುವುದರಿಂದ, 2022ರಲ್ಲಿ ರೆಪೊ ಏರಿದಾಗಲೂ ಇದು ಏರಲಿಲ್ಲ. ಗಡುವಿನೊಳಗೆ ಕಟ್ಟಿದರೆ ಶೇ. 3 ರಿಯಾಯಿತಿ ಸಿಕ್ಕಿ ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ. ಅದೇ 20,000ಕ್ಕೆ ವರ್ಷಕ್ಕೆ 800 ರೂಪಾಯಿ ಮಾತ್ರ. ಗಡುವು ಮೀರಿದರೆ ರಿಯಾಯಿತಿ ಹೋಗುತ್ತದೆ. ಆದ್ದರಿಂದ ಆ ತಾರೀಖನ್ನು ಹಾಲಿನ ಪಾಸ್‌ಬುಕ್‌ನಲ್ಲೇ ಬರೆದಿಡಿ.

ಅವರಿಗೆ ನಾನು ಹೇಳಿದ್ದಿಷ್ಟು: "ಅಕ್ಕಾ, ಮೊದಲು ಕಾರ್ಡ್‌ಗೆ ಅರ್ಜಿ ಹಾಕಿ. ಮುಂದಿನ ಹಿಂಡಿ ಖರ್ಚನ್ನು ಅದರಲ್ಲಿ ನೋಡಿಕೊಂಡು, ಹಾಲಿನ ಬಟವಾಡೆ ದುಡ್ಡಲ್ಲಿ ಕೈಸಾಲ ತೀರಿಸಿ. ಎರಡನೇ ಹಸು ಆಮೇಲೆ. ಅದರ ಸಾಲಕ್ಕೆ ಸಹಿ ಹಾಕುವ ಮುಂಚೆ, ಬಡ್ಡಿ ಕೊನೆವರೆಗೂ ಒಂದೇ ಇರುತ್ತಾ, ಬದಲಾಗುತ್ತಾ ಅಂತ ಬ್ಯಾಂಕಲ್ಲಿ ಕೇಳಿ. ಬದಲಾಗೋದಾದ್ರೆ ಕಂತು ಅಷ್ಟೇ ಇದ್ದರೂ ಕಟ್ಟುವ ತಿಂಗಳು ಹೆಚ್ಚಾಗಬಹುದು."