ಡಾಲರ್ ಫ್ಯೂಚರ್ಸ್, ಡಾಲರ್ ಆಪ್ಷನ್: ಹೊಣೆ ಯಾರದು, ಖರ್ಚು ಎಷ್ಟು?

ಫ್ಯೂಚರ್ಸ್ ಕೊಂಡವರ ಮತ್ತು ಮಾರಿದವರ ಕೈಯನ್ನು ಸಮನಾಗಿ ಕಟ್ಟುವ ಕರಾರು. ಆಪ್ಷನ್‌ನಲ್ಲಿ ಕಟ್ಟುಬೀಳುವುದು ಮಾರಿದವರ ಕೈ ಮಾತ್ರ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದ ಸಿಬ್ಬಂದಿಗೆ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಆಮದುದಾರರ ಲೆಕ್ಕದಲ್ಲಿ. ಪೀಣ್ಯದ ಒಂದು ಸಣ್ಣ ಕಾರ್ಖಾನೆ ಎರಡು ತಿಂಗಳ ನಂತರ ಯಂತ್ರವೊಂದಕ್ಕೆ 10,000 ಡಾಲರ್ ಕಟ್ಟಬೇಕಿದೆ ಎಂದುಕೊಳ್ಳೋಣ. ಎನ್‌ಎಸ್‌ಇಯಲ್ಲಿ ಒಂದು ಲಾಟ್ ಎಂದರೆ 1,000 ಡಾಲರ್, ಹಾಗಾಗಿ ಬೇಕಾಗುವುದು 10 ಲಾಟ್. ಕೆಳಗಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.

ಕೊಂಡವರಿಗೆ ಹಿಂದೆ ಸರಿಯಲು ಅವಕಾಶ ಇದೆಯೇ?

ಫ್ಯೂಚರ್ಸ್‌ನಲ್ಲಿ ಇಲ್ಲ. 85 ರೂಪಾಯಿಗೆ ಕೊಂಡ ಮೇಲೆ ದರ 82ಕ್ಕೆ ಇಳಿದರೆ ಡಾಲರಿಗೆ 3 ರೂಪಾಯಿಯ ನಷ್ಟ ತುಂಬಲೇಬೇಕು. ಅವಧಿಗೆ ಮೊದಲೇ ಮಾರಿ ಹೊರಬರಬಹುದು, ಆದರೆ ಅಷ್ಟರವರೆಗಿನ ನಷ್ಟ ಹೊತ್ತುಕೊಂಡೇ ಬರಬೇಕು. 85ರ ಸ್ಟ್ರೈಕ್ ದರದ ಕಾಲ್ ಆಪ್ಷನ್ ಕೊಂಡಿದ್ದರೆ ಆ ಹಕ್ಕನ್ನು ಬಿಟ್ಟುಬಿಡಬಹುದು.

ಖರ್ಚು ಯಾವುದರಲ್ಲಿ ಹೆಚ್ಚು?

ಆಪ್ಷನ್ ಕೊಳ್ಳುವವರು ಪ್ರೀಮಿಯಂ ಮೊದಲೇ ಕಟ್ಟುತ್ತಾರೆ. ಡಾಲರಿಗೆ 60 ಪೈಸೆಯಾದರೆ 6,000 ರೂಪಾಯಿ. ಇದು ವಿಮೆಯ ಕಂತಿನಂತೆ, ದರ ಏರದಿದ್ದರೆ ವಾಪಸು ಬರುವುದಿಲ್ಲ. ಫ್ಯೂಚರ್ಸ್‌ನಲ್ಲಿ ಪ್ರೀಮಿಯಂ ಇಲ್ಲ, ಮಾರ್ಜಿನ್ ಇದೆ. ಮಾರ್ಜಿನ್ ಖರ್ಚಲ್ಲ, ಠೇವಣಿ. ಗೊಂದಲ ಹುಟ್ಟುವುದು ಇಲ್ಲಿಯೇ. ಠೇವಣಿ ತಾನೇ ಎಂದು ನಿಶ್ಚಿಂತರಾದವರಿಗೆ ಪ್ರತಿದಿನದ ಲಾಭ-ನಷ್ಟ ಅಂದಂದೇ ಖಾತೆಗೆ ಬೀಳುತ್ತದೆ ಎಂಬುದು ಮರೆತುಹೋಗಿರುತ್ತದೆ. ಡಾಲರ್ ಒಂದೇ ದಿನ 50 ಪೈಸೆ ಇಳಿದರೆ ಸಂಜೆಗೆ 5,000 ರೂಪಾಯಿ ಕಡಿತ. ಕೊರತೆ ತುಂಬದಿದ್ದರೆ ಬ್ರೋಕರ್ ಕರಾರನ್ನೇ ಮಾರಿ ಮುಗಿಸುತ್ತಾರೆ, ಆಮದುದಾರರ ರಕ್ಷಣೆ ನಡುದಾರಿಯಲ್ಲೇ ಕಳಚುತ್ತದೆ.

ಕೊನೆಗೆ ಯಂತ್ರಕ್ಕೆ ಬೀಳುವ ಬೆಲೆ ಎಷ್ಟು?

ಈ ಕರಾರುಗಳಲ್ಲಿ ಡಾಲರ್ ಕೈಗೆ ಬರುವುದಿಲ್ಲ, ವ್ಯತ್ಯಾಸ ಮಾತ್ರ ರೂಪಾಯಿಯಲ್ಲಿ ಚುಕ್ತಾ ಆಗುತ್ತದೆ. ಡಾಲರನ್ನು ಬ್ಯಾಂಕಿನಲ್ಲಿ ಅಂದಿನ ದರಕ್ಕೇ ಕೊಳ್ಳಬೇಕು. ಫ್ಯೂಚರ್ಸ್ ಕೊಂಡಿದ್ದರೆ ದರ 88 ಆಗಲಿ, 82 ಆಗಲಿ, ಒಟ್ಟು ವೆಚ್ಚ 8,50,000 ರೂಪಾಯಿ. ಆಪ್ಷನ್ ಇದ್ದರೆ 88ರಲ್ಲಿ 8,56,000, 82ರಲ್ಲಿ 8,26,000. ಬ್ರೋಕರೇಜ್, ಬ್ಯಾಂಕಿನ ಶುಲ್ಕ ಬೇರೆ. ದರ ಏರಿದಾಗ 6,000 ಹೆಚ್ಚು ತೆತ್ತವರು ಇಳಿದಾಗ 24,000 ಉಳಿಸಿಕೊಂಡರು.

ಹಾಗಾದರೆ ಆಪ್ಷನ್‌ನಲ್ಲಿ ಅಪಾಯ ಕಡಿಮೆಯೇ?

ಕೊಂಡವರಿಗೆ ಹೌದು, ನಷ್ಟ ಪ್ರೀಮಿಯಂ ದಾಟುವುದಿಲ್ಲ. ಮಾರಿದವರದು ಬೇರೆಯೇ ಕಥೆ. 6,000 ಪಡೆದವರು ದರ 88 ಆದಾಗ 30,000 ಕೊಡಬೇಕು, 90 ಆದರೆ 50,000. ಮಾರ್ಜಿನ್ ಕಟ್ಟುವ ಹೊಣೆಯೂ ಅವರದೇ. ಪ್ರೀಮಿಯಂ ಸುಲಭದ ಆದಾಯ ಎಂದುಕೊಂಡು ಗ್ರಾಹಕರು ಕಾಲ್ ಮಾರಲು ಹೊರಟರೆ ಈ ಅಂಕಿಗಳನ್ನು ತೋರಿಸುವುದೇ ಸರಿ.

ಯಾರು ಬೇಕಾದರೂ ಕೊಳ್ಳಬಹುದೇ?

ಇಲ್ಲ. ರೂಪಾಯಿ ಸೇರಿದ ಕರೆನ್ಸಿ ಕರಾರುಗಳಿಗೆ ಕೈಹಾಕುವವರಿಗೆ ನಿಜವಾದ ವಿದೇಶಿ ವಿನಿಮಯದ ಬಾಕಿ ಅಥವಾ ಬರಬೇಕಾದ ಹಣ ಇರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿರ್ದೇಶನ 2024ರ ಮೇ 3ರಿಂದ ಜಾರಿಯಲ್ಲಿದೆ.